ನನ್ನ ಹ್ಯಾಂಡೌಟ್‌ನ ಐದನೇ ಪುಟ

(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲನಲ್ಲ. ವಿಡಿಯೊ ಎಡಿಟಿಂಗ್ ಕಲಿಸುವ ಮೇಷ್ಟ್ರು. ಕಾಪಿರೈಟ್ ಬಗ್ಗೆ ನಾನು ಓದಲು ಶುರು ಮಾಡಿದ್ದು ಆಸಕ್ತಿಯಿಂದಲ್ಲ, ಒಂದು ಮೇಲ್ ಬಂದಿದ್ದರಿಂದ. ಆ ಕಥೆಯನ್ನೇ ಇವತ್ತು ಬಿಡಿಸಿ ಹೇಳುತ್ತೇನೆ. ಅದರಲ್ಲೇ ಬೇಕಾದ ಕಾನೂನೆಲ್ಲ ಬಂದುಬಿಡುತ್ತದೆ.

ನಾನು ಎಂಟು ಪುಟದ ಒಂದು ಹ್ಯಾಂಡೌಟ್ ಮಾಡಿದ್ದೆ. ಅದರಲ್ಲಿ 19 ಚಿತ್ರಗಳಿದ್ದವು. ಒಂಬತ್ತು ಚಿತ್ರ ನಾವು ತರಗತಿಯಲ್ಲಿ ಬಳಸುವ ಎಡಿಟಿಂಗ್ ಸಾಫ್ಟ್‌ವೇರ್‌ನವು. ಆರು ಚಿತ್ರ ಒಂದು ಸಿನಿಮಾದಿಂದ ತೆಗೆದ ಫ್ರೇಮ್‌ಗಳು. ಉಳಿದ ನಾಲ್ಕು ಒಂದು ಆನ್‌ಲೈನ್ ಕೋರ್ಸ್‌ನ ಸ್ಲೈಡ್‌ಗಳು. ಎಲ್ಲವೂ ಸ್ಕ್ರೀನ್‌ಶಾಟ್‌ಗಳೇ. ಮೂರಕ್ಕೂ ನಾನು ದುಡ್ಡು ಕೊಟ್ಟಿದ್ದೆ. ಸಾಫ್ಟ್‌ವೇರ್‌ಗೆ ಚಂದಾ ಕಟ್ಟಿದ್ದೆ, ಸಿನಿಮಾವನ್ನು ಬಾಡಿಗೆಗೆ ಪಡೆದಿದ್ದೆ, ಕೋರ್ಸ್ ಕೊಂಡಿದ್ದೆ. ದುಡ್ಡು ಕೊಟ್ಟಾಗಿದೆ, ಪಾಠಕ್ಕೆ ತಾನೆ ಬಳಸುತ್ತಿರುವುದು, ಇನ್ನೇನು ತೊಂದರೆ ಅಂದುಕೊಂಡಿದ್ದೆ.

ಒಬ್ಬ ವಿದ್ಯಾರ್ಥಿ ಅದರ ಪಿಡಿಎಫ್ ಅನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಜಾಗದಲ್ಲಿ ಹಾಕಿದ. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದ, ಪಾಪ. ಎರಡು ವಾರ ಕಳೆದಿರಬೇಕು, ಆ ಕೋರ್ಸ್ ಮಾಡಿದ ಮೇಡಂ ನನಗೆ ಮೇಲ್ ಬರೆದರು. ಬೆದರಿಕೆ ಏನೂ ಇರಲಿಲ್ಲ. ಒಂದೇ ಪ್ರಶ್ನೆ ಕೇಳಿದ್ದರು: ನಿಮ್ಮ ಐದನೇ ಪುಟ ಕೈಯಲ್ಲಿದ್ದರೆ ನನ್ನ ಮೂರನೇ ಪಾಠ ಯಾರಿಗೆ ಬೇಕು?

ಉತ್ತರ ಕೊಡಲು ಕೂತೆ. ಆಗಲಿಲ್ಲ. ಅವರು ಹೇಳಿದ್ದು ನಿಜವಾಗಿತ್ತು.

ನೋಡಿ, ದುಡ್ಡು ಕೊಟ್ಟಾಗ ನಮಗೆ ಸಿಗುವುದು ಬಳಸುವ ಹಕ್ಕು, ನೋಡುವ ಹಕ್ಕು. ನಕಲು ಮಾಡುವ ಹಕ್ಕು ಅದರ ಜೊತೆ ಬರುವುದಿಲ್ಲ. ಕ್ಯಾಸೆಟ್ ಕೊಂಡವರು ಹಾಡಿನ ಒಡೆಯರಾಗಲಿಲ್ಲ, ಅಲ್ವಾ? ಹಾಗೆಯೇ. ಆದರೆ ಇದರ ಎದುರು ದಿಕ್ಕಿನ ತಪ್ಪೂ ಇದೆ. ನನಗೆ ಮೇಲ್ ಬಂದದ್ದು ಗೊತ್ತಾದ ಮೇಲೆ ನನ್ನ ಸಹೋದ್ಯೋಗಿಯೊಬ್ಬರು ಹೆದರಿ ತಮ್ಮ ಹ್ಯಾಂಡೌಟ್‌ಗಳಲ್ಲಿದ್ದ ಎಲ್ಲ ಚಿತ್ರಗಳನ್ನೂ ಅಳಿಸಿಬಿಟ್ಟರು. ಮೆನು ಎಲ್ಲಿದೆ ಅಂತ ತೋರಿಸಬೇಕಾದ ಜಾಗದಲ್ಲಿ ಮೂರು ಸಾಲು ವಿವರಣೆ ಬರೆದರು. ಮಕ್ಕಳಿಗೆ ಏನೂ ಅರ್ಥವಾಗಲಿಲ್ಲ. ಅಷ್ಟು ಹೆದರುವ ಅಗತ್ಯವೇ ಇರಲಿಲ್ಲ.

ಯಾಕೆಂದರೆ ಪಾಠಕ್ಕಾಗಿ ಬಾಗಿಲು ತೆರೆದಿಡುವುದು ಹಳೆಯ ಪದ್ಧತಿ. ಕಾಪಿರೈಟ್‌ಗೆ ಬುನಾದಿಯಾದ ಅಂತರರಾಷ್ಟ್ರೀಯ ಒಪ್ಪಂದ 1886ರ ಬರ್ನ್ ಒಪ್ಪಂದ. ಇವತ್ತು ಅದರಲ್ಲಿರುವ 10ನೇ ವಿಧಿ, ಬೋಧನೆಯಲ್ಲಿ ಉದಾಹರಣೆಯಾಗಿ ಬೇರೆಯವರ ಕೃತಿಯನ್ನು ಬಳಸಲು ದೇಶಗಳು ಅವಕಾಶ ಕೊಡಬಹುದು ಎನ್ನುತ್ತದೆ. ಆದರೆ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ, ಅದೂ ನ್ಯಾಯವಾದ ರೀತಿಯಲ್ಲಿ, ಮೂಲವನ್ನು ಹೆಸರಿಸಿ. ಪ್ರತಿ ದೇಶ ಇದನ್ನು ತನ್ನದೇ ರೀತಿ ಬರೆದುಕೊಂಡಿದೆ. ಅಮೆರಿಕದ ಕಾಯ್ದೆಯ 107ನೇ ಸೆಕ್ಷನ್ ತರಗತಿಗಾಗಿ ಮಾಡುವ ಹಲವು ಪ್ರತಿಗಳ ಹೆಸರನ್ನೇ ಎತ್ತುತ್ತದೆ. ಆದರೆ ಪ್ರತಿ ಸಲವೂ ನಾಲ್ಕು ವಿಷಯ ತೂಗಿ ನೋಡಿ ಎನ್ನುತ್ತದೆ: ಬಳಕೆಯ ಉದ್ದೇಶ, ಮೂಲ ಕೃತಿಯ ಸ್ವಭಾವ, ತೆಗೆದುಕೊಂಡ ಪ್ರಮಾಣ, ಮೂಲದ ಮಾರುಕಟ್ಟೆಯ ಮೇಲೆ ಆಗುವ ಪರಿಣಾಮ. ಬ್ರಿಟನ್ನಿನ ಕಾಯ್ದೆಯಲ್ಲಿ ಇದು 32ನೇ ಸೆಕ್ಷನ್. ಭಾರತದ 1957ರ ಕಾಯ್ದೆಯಲ್ಲಿ 52(1)(i). ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಪಾಠದ ಭಾಗವಾಗಿ ಕೃತಿಯನ್ನು ನಕಲು ಮಾಡಿದರೆ ಅದು ಉಲ್ಲಂಘನೆಯಲ್ಲ ಎಂದು ಅದು ಹೇಳುತ್ತದೆ.

ಭಾರತದ ಈ ಮಾತು ಎಷ್ಟು ದೂರ ಹೋಗುತ್ತದೆ ಎಂಬುದು 2016ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ತೀರ್ಮಾನವಾಯಿತು. ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಜೆರಾಕ್ಸ್ ಅಂಗಡಿಯೊಂದು ಪುಸ್ತಕಗಳ ಭಾಗಗಳನ್ನು ಜೋಡಿಸಿ ಕೋರ್ಸ್ ಪ್ಯಾಕ್ ಮಾಡಿಕೊಡುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ದೊಡ್ಡ ಪ್ರಕಾಶಕರು ಕೇಸು ಹಾಕಿದರು. ಪಾಠ ಎಂದರೆ ಮೇಷ್ಟ್ರು ತರಗತಿಯಲ್ಲಿ ನಿಂತು ಮಾತಾಡುವ ಆ ಒಂದು ಗಂಟೆ ಮಾತ್ರ ಅಲ್ಲ ಎಂದಿತು ಕೋರ್ಟು. ಓದಲು ಕೊಡುವ ಸಾಮಗ್ರಿಯೂ ಅದರೊಳಗೇ ಬರುತ್ತದೆ. ಮುಂದೆ ವಿಭಾಗೀಯ ಪೀಠ ಒಂದು ಅಳತೆಗೋಲನ್ನೂ ಕೊಟ್ಟಿತು: ಪಾಠದ ಉದ್ದೇಶಕ್ಕೆ ಅಷ್ಟು ಭಾಗ ನಿಜವಾಗಿಯೂ ಬೇಕಿತ್ತೇ? ಪುಟ ಎಣಿಸುವುದಲ್ಲ, ಶೇಕಡಾ ಲೆಕ್ಕವೂ ಅಲ್ಲ.

ಆ ಕೇಸು ಪುಸ್ತಕಗಳದ್ದು, ಸ್ಕ್ರೀನ್‌ಶಾಟ್‌ದಲ್ಲ. ಆದರೂ ಆ ಅಳತೆಗೋಲನ್ನೇ ಹಿಡಿದು ನನ್ನ 19 ಚಿತ್ರಗಳ ಮುಂದೆ ಕೂತೆ. ಪ್ರತಿ ಚಿತ್ರಕ್ಕೂ ಮೂರು ಪ್ರಶ್ನೆ ಕೇಳಿಕೊಂಡೆ. ಇದು ಯಾವ ಕೃತಿಯ ಎಷ್ಟು ಪಾಲು? ನನ್ನ ಹಾಳೆಯ ಮೇಲೆ ಇದಕ್ಕೆ ಏನು ಕೆಲಸ? ಇದು ಸಿಕ್ಕಮೇಲೆ ಯಾರಿಗಾದರೂ ಮೂಲ ಬೇಡವಾಗುತ್ತದೆಯೇ? ಅಚ್ಚರಿ ಏನೆಂದರೆ, ಒಂದೇ ಬಟನ್ ಒತ್ತಿ ತೆಗೆದ ಚಿತ್ರಗಳಿಗೆ ಮೂರು ಬೇರೆ ಬೇರೆ ಉತ್ತರ ಬಂದವು.

ಮೊದಲು ಸಾಫ್ಟ್‌ವೇರ್. ಮೂರರಲ್ಲಿ ಇದೇ ಸುಲಭದ್ದು. ಪರದೆಯ ಚಿತ್ರ ಕೊಟ್ಟರೆ ಸಾಫ್ಟ್‌ವೇರ್ ಕೊಟ್ಟಂತಾಗುವುದಿಲ್ಲ. ಎಕ್ಸ್‌ಪೋರ್ಟ್ ಡಬ್ಬಿಯ ಫೋಟೊ ಇಟ್ಟುಕೊಂಡು ಯಾರೂ ವಿಡಿಯೊ ಎಕ್ಸ್‌ಪೋರ್ಟ್ ಮಾಡಲಾರರು. ಹಾಗೆಂದು ಪರದೆಗೆ ರಕ್ಷಣೆಯೇ ಇಲ್ಲ ಎಂದಲ್ಲ. ಯುರೋಪಿನ ನ್ಯಾಯಾಲಯ 2010ರಲ್ಲಿ ಹೇಳಿದ್ದು ಕುತೂಹಲದ್ದು: ಪರದೆಯ ವಿನ್ಯಾಸ ಕಂಪ್ಯೂಟರ್ ಪ್ರೋಗ್ರಾಮಿನ ಭಾಗವಾಗಿ ರಕ್ಷಣೆ ಪಡೆಯುವುದಿಲ್ಲ, ಆದರೆ ಮಾಡಿದವರ ಸ್ವಂತ ಸೃಜನಶೀಲತೆ ಅದರಲ್ಲಿದ್ದರೆ ಬೇರೆ ಕೃತಿಗಳ ಹಾಗೆ ಅದಕ್ಕೂ ಕಾಪಿರೈಟ್ ಇರಬಹುದು. ಎಲ್ಲ ಸಾಫ್ಟ್‌ವೇರ್‌ನಲ್ಲೂ ಇರುವ ಫೈಲ್, ಎಡಿಟ್ ಮೆನುವಿನಲ್ಲಿ ಅಂಥದ್ದು ಹೆಚ್ಚೇನೂ ಇರುವುದಿಲ್ಲ. ಐಕಾನ್‌ಗಳಲ್ಲಿ, ತೆರೆಯುವಾಗ ಬರುವ ದೊಡ್ಡ ಚಿತ್ರದಲ್ಲಿ ಇರುತ್ತದೆ.

ಎಷ್ಟೋ ಕಂಪನಿಗಳು ಇದಕ್ಕೆ ತಾವೇ ಅನುಮತಿ ಬರೆದಿಟ್ಟಿರುತ್ತವೆ. ಉದಾಹರಣೆಗೆ ಮೈಕ್ರೋಸಾಫ್ಟ್ ತನ್ನ ಸಾಫ್ಟ್‌ವೇರ್‌ಗಳ ಸ್ಕ್ರೀನ್‌ಶಾಟ್‌ಗಳನ್ನು ತರಬೇತಿ ಸಾಮಗ್ರಿಯಲ್ಲಿ ಬಳಸಲು ಬಿಡುತ್ತದೆ, ಷರತ್ತಿನ ಮೇಲೆ. ಅಳತೆ ಬದಲಿಸಬಹುದು, ಬೇರೆ ಬದಲಾವಣೆ ಬೇಡ. ತುಂಡು ಮಾಡಿ ಬಳಸಬೇಡಿ. ಬೇರೆಯವರಿಗೆ ಸೇರಿದ ಚಿತ್ರ, ಗುರುತು ಸಿಗುವ ಮನುಷ್ಯರ ಮುಖ ಅದರಲ್ಲಿರಬಾರದು. ಅನುಮತಿಯಿಂದ ಬಳಸಿದ್ದು ಎಂಬ ಸಾಲು ಹಾಕಿ. ಇಂಥ ಪುಟಗಳು ಬದಲಾಗುತ್ತಿರುತ್ತವೆ. ಹಾಗಾಗಿ ಹ್ಯಾಂಡೌಟ್ ಮಾಡುವ ದಿನವೇ ಹೋಗಿ ಓದಬೇಕು, ಯಾವತ್ತು ಓದಿದ್ದೆಂದು ಬರೆದಿಟ್ಟುಕೊಳ್ಳಬೇಕು.

ತುಂಡು ಮಾಡಬೇಡಿ ಎಂಬ ಷರತ್ತು ನೋಡಿ ನಮ್ಮವರು ಗಾಬರಿಯಾಗುತ್ತಾರೆ. ಪಾಠದಲ್ಲಿ ಬೇಕಾದದ್ದೇ ಒಂದು ಮೂಲೆ, ಇಡೀ ಪರದೆ ಯಾಕೆ ಅಂತ. ಇಲ್ಲಿ ಒಂದು ಮಾತು ನೆನಪಿಡಿ. ಕಂಪನಿ ಕೊಟ್ಟ ಅನುಮತಿ ಒಂದು ಬಾಗಿಲು. ಕಾನೂನು ಪಾಠಕ್ಕೆ ಕೊಟ್ಟ ವಿನಾಯಿತಿ ಇನ್ನೊಂದು ಬಾಗಿಲು. ಒಂದರಿಂದ ಹೋಗಲಾಗದಿದ್ದರೆ ಇನ್ನೊಂದು ಮುಚ್ಚಿತು ಎಂದಲ್ಲ. ತರಗತಿಯ ಹಾಳೆಯಲ್ಲಿ ಒಂದು ಮೆನುವನ್ನು ಮಾತ್ರ ಕತ್ತರಿಸಿ ತೋರಿಸುವುದು ಎರಡನೇ ಬಾಗಿಲಿನಿಂದ ಆರಾಮಾಗಿ ಹೋಗುವ ಸಂಗತಿ ಎಂಬುದು ನನ್ನ ಅನಿಸಿಕೆ. ಕಡಿಮೆ ತೆಗೆದುಕೊಂಡಷ್ಟೂ ಆ ಬಾಗಿಲು ಅಗಲವಾಗುತ್ತದೆ.

ನನ್ನ ಒಂಬತ್ತರಲ್ಲಿ ಏಳು ಉಳಿದವು. ಒಂದು ಸಾಫ್ಟ್‌ವೇರ್ ತೆರೆಯುವಾಗ ಬರುವ ಬಣ್ಣದ ಚಿತ್ರ. ಅದನ್ನು ಅಂದಕ್ಕೆ ಹಾಕಿದ್ದೆ, ಅದರಿಂದ ಏನೂ ಕಲಿಸುತ್ತಿರಲಿಲ್ಲ. ಅದು ಯಾವನೋ ಕಲಾವಿದನ ಪೂರ್ತಿ ಕೃತಿ. ತೆಗೆದೆ. ಇನ್ನೊಂದರಲ್ಲಿ ಎಡಗಡೆ ಫಲಕದ ತುಂಬ ಸ್ಟಾಕ್ ಫೋಟೊಗಳ ಸಾಲು ಇತ್ತು. ನಾನು ತೋರಿಸುತ್ತಿದ್ದದ್ದು ಬಲಗಡೆಯ ಟೈಮ್‌ಲೈನ್, ಆದರೆ ಜೊತೆಗೆ ಯಾರ್ಯಾರದೋ ಇಪ್ಪತ್ತು ಮೂವತ್ತು ಫೋಟೊ ಬಂದುಬಿಟ್ಟಿದ್ದವು. ಅದನ್ನೂ ತೆಗೆದು ಹೊಸದಾಗಿ ಮಾಡಿಕೊಂಡೆ. ಈಗ ನಾನು ಮಾಡುವುದು ಇಷ್ಟೇ: ಹ್ಯಾಂಡೌಟ್‌ಗೆಂದೇ ಒಂದು ಖಾಲಿ ಪ್ರಾಜೆಕ್ಟ್ ತೆರೆಯುತ್ತೇನೆ, ನಾನೇ ಫೋನಿನಲ್ಲಿ ತೆಗೆದ ಎರಡು ಕ್ಲಿಪ್ ಹಾಕುತ್ತೇನೆ, ಮೂಲೆಯಲ್ಲಿ ನನ್ನ ಇಮೇಲ್ ಕಾಣದ ಹಾಗೆ ನೋಡಿಕೊಂಡು ಆಮೇಲೆ ಸ್ಕ್ರೀನ್‌ಶಾಟ್ ತೆಗೆಯುತ್ತೇನೆ.

ಇಲ್ಲೊಂದು ಸಣ್ಣ ಗುಂಡಿ ಇದೆ, ನಾನು ಅದರಲ್ಲಿ ಬಿದ್ದಿದ್ದೇನೆ. ವರ್ಡ್‌ನಲ್ಲಿ ಚಿತ್ರವನ್ನು ಕ್ರಾಪ್ ಮಾಡಿದರೆ ಕತ್ತರಿಸಿದ ಭಾಗ ಅಳಿಯುವುದಿಲ್ಲ, ಸುಮ್ನೆ ಮರೆಯಾಗುತ್ತದೆ. ಫೈಲ್ ಸಿಕ್ಕವರು ಕ್ರಾಪ್ ಅನ್ನು ಹಿಂದಕ್ಕೆ ಎಳೆದರೆ ಎಲ್ಲವೂ ಕಾಣುತ್ತದೆ. `Compress Pictures` ಒಳಗೆ `Delete cropped areas of pictures` ಎಂದಿರುತ್ತದೆ, ಅದಕ್ಕೆ ಟಿಕ್ ಹಾಕಬೇಕು. ಇಲ್ಲವೇ ವರ್ಡ್‌ಗೆ ತರುವ ಮೊದಲೇ ಕತ್ತರಿಸಿ ಹೊಸ ಹೆಸರಲ್ಲಿ ಉಳಿಸಿಕೊಳ್ಳಬೇಕು.

ಇನ್ನು ಸಿನಿಮಾ. ಎರಡು ಗಂಟೆಯ ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್‌ನಂತೆ 1,72,800 ಫ್ರೇಮ್‌ಗಳಿರುತ್ತವೆ. ನಾನು ತೆಗೆದದ್ದು ಆರು. ಪ್ರಮಾಣದ ಲೆಕ್ಕದಲ್ಲಿ ಇದು ಧೂಳು. ಇಂಥ ಲೆಕ್ಕವನ್ನು ಕೋರ್ಟೂ ಹಾಕಿದೆ. 2000ದಲ್ಲಿ ಅಮೆರಿಕದಲ್ಲಿ ಸೋನಿ ಮತ್ತು ಬ್ಲೀಮ್ ಎಂಬ ಕಂಪನಿಗಳ ನಡುವೆ ವಿಡಿಯೊ ಗೇಮ್ ಸ್ಕ್ರೀನ್‌ಶಾಟ್ ಬಗ್ಗೆ ಕೇಸು ನಡೆಯಿತು. ಒಂದು ಸ್ಕ್ರೀನ್‌ಶಾಟ್ ಎಂದರೆ ಆಟದ ಒಂದು ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲು ಮಾತ್ರ ಎಂದು ಮೇಲ್ಮನವಿ ನ್ಯಾಯಾಲಯ ನೋಡಿತು. ಅದು ಪಾಠವೂ ಆಗಿರಲಿಲ್ಲ, ಹೋಲಿಕೆಯ ಜಾಹೀರಾತು. ಆದರೂ ನ್ಯಾಯವಾದ ಬಳಕೆಯ ಕಡೆಗೇ ತಕ್ಕಡಿ ವಾಲಿತು.

ಹಾಗಂತ ಒಂದು ಫ್ರೇಮ್ ತಾನೆ, ನಕಲೇ ಅಲ್ಲ ಎನ್ನುವ ಹಾಗಿಲ್ಲ. ಭಾರತದ ಕಾಯ್ದೆಯ 14ನೇ ಸೆಕ್ಷನ್ ನೋಡಿ. ಸಿನಿಮಾದ ನಕಲು ಎನ್ನುವುದರಲ್ಲಿ ಆ ಸಿನಿಮಾದೊಳಗಿನ ಯಾವುದೇ ಒಂದು ಚಿತ್ರದ ಫೋಟೊವನ್ನೂ ಅದು ಹೆಸರು ಹಿಡಿದು ಸೇರಿಸಿದೆ. ಅಂದರೆ ಒಂದೇ ಫ್ರೇಮ್ ತೆಗೆದರೂ ಅದು ನಕಲು. ಅದನ್ನು ಉಳಿಸುವುದು ಚಿಕ್ಕದು ಎಂಬುದಲ್ಲ, ಪಾಠದ ಕೆಲಸ ಮಾಡುತ್ತಿದೆ ಎಂಬುದು.

ಹಾಗಾದರೆ ನನ್ನ ಆರು ಫ್ರೇಮ್‌ಗಳು ಏನು ಕೆಲಸ ಮಾಡುತ್ತಿದ್ದವು? ನಾನು ಕಲಿಸುತ್ತಿದ್ದದ್ದು 180 ಡಿಗ್ರಿ ನಿಯಮ. ಇಬ್ಬರು ಎದುರು ಬದುರು ಕೂತು ಮಾತಾಡುತ್ತಿದ್ದಾರೆ ಅಂದುಕೊಳ್ಳಿ. ಇಬ್ಬರ ನಡುವೆ ಒಂದು ಗೆರೆ ಎಳೆಯಿರಿ. ಕ್ಯಾಮೆರಾ ಗೆರೆಯ ಒಂದೇ ಬದಿಯಲ್ಲಿದ್ದರೆ ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ ನೋಡುತ್ತಾರೆ. ಕ್ಯಾಮೆರಾ ಗೆರೆ ದಾಟಿತೆಂದರೆ ಇಬ್ಬರೂ ಒಂದೇ ಕಡೆ ನೋಡುತ್ತಿರುವಂತೆ ಕಾಣುತ್ತದೆ, ನೋಡುವವರಿಗೆ ಗೊಂದಲ. ಆ ಸಿನಿಮಾದಲ್ಲಿ ನಿರ್ದೇಶಕರು ಬೇಕೆಂದೇ ಗೆರೆ ದಾಟುತ್ತಾರೆ, ಸರಿಯಾಗಿ ಜಗಳ ಶುರುವಾಗುವ ಹೊತ್ತಿಗೆ. ದಾಟುವ ಮುಂಚಿನ ಎರಡು ಫ್ರೇಮ್, ದಾಟಿದ ಮೇಲಿನ ಎರಡು ಫ್ರೇಮ್ ಪಕ್ಕಪಕ್ಕದಲ್ಲಿಟ್ಟರೆ ಮಕ್ಕಳಿಗೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ನಾಲ್ಕಕ್ಕಿಂತ ಕಡಿಮೆ ಮಾಡಿದರೆ ಹೋಲಿಕೆಯೇ ಇರುವುದಿಲ್ಲ. ಈ ನಾಲ್ಕಕ್ಕೆ ನಾನು ಯಾರ ಎದುರೂ ಜವಾಬು ಕೊಡಬಲ್ಲೆ.

ಐದನೆಯದು ಮುಖಪುಟದಲ್ಲಿತ್ತು. ಮಳೆಯಲ್ಲಿ ನಿಂತ ನಾಯಕಿ, ಬಹಳ ಚೆಂದದ ಫ್ರೇಮ್. ಅಂದಕ್ಕೆ ಹಾಕಿದ್ದು. ಆರನೆಯದನ್ನು ಯಾಕೆ ಹಾಕಿದ್ದೆ ಎಂದು ನನಗೇ ನೆನಪಿರಲಿಲ್ಲ. ಎರಡೂ ಹೋದವು. ಉಳಿದ ನಾಲ್ಕರ ಕೆಳಗೆ ಸಿನಿಮಾದ ಹೆಸರು, ನಿರ್ದೇಶಕರ ಹೆಸರು, ವರ್ಷ, ಜೊತೆಗೆ ಟೈಮ್‌ಕೋಡ್ ಹಾಕಿದೆ, 00:41:07 ಎಂಬ ರೀತಿಯಲ್ಲಿ. ಟೈಮ್‌ಕೋಡ್ ಇದ್ದರೆ ಮಕ್ಕಳು ಮೂಲಕ್ಕೆ ಹೋಗಿ ಆ ದೃಶ್ಯ ನೋಡುತ್ತಾರೆ. ಈ ಫ್ರೇಮ್ ಇಲ್ಲಿರುವುದು ಅಭ್ಯಾಸಕ್ಕೆ ಎಂಬುದೂ ಅದರಿಂದಲೇ ಗೊತ್ತಾಗುತ್ತದೆ.

ಇನ್ನು ನೀವೆಲ್ಲ ಕಂಡಿರುವ ಕರಿ ಪರದೆ. ಹಣ ಕೊಟ್ಟು ನೋಡುವ ಸ್ಟ್ರೀಮಿಂಗ್‌ನಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಸಬ್‌ಟೈಟಲ್ ಬರುತ್ತದೆ, ಚಿತ್ರದ ಜಾಗ ಕಪ್ಪಗಿರುತ್ತದೆ. ವಿಡಿಯೊ ಬೀಗ ಹಾಕಿದ ದಾರಿಯಲ್ಲಿ ನೇರ ಗ್ರಾಫಿಕ್ಸ್ ಭಾಗಕ್ಕೆ ಹೋಗುತ್ತದೆ, ಸ್ಕ್ರೀನ್‌ಶಾಟ್ ತೆಗೆಯುವ ಸಾಧನಕ್ಕೆ ಅದು ಸಿಗುವುದೇ ಇಲ್ಲ. ಆ ಬೀಗ ಮುರಿಯುವುದು ಕಾಪಿರೈಟ್‌ಗಿಂತ ಬೇರೆಯದೇ ಒಂದು ಪ್ರಶ್ನೆ. ಅಮೆರಿಕದಲ್ಲಿ 1998ರ ಕಾನೂನು ಬೀಗ ಮುರಿಯುವುದನ್ನೇ ನಿಷೇಧಿಸಿದೆ, ಪಾಠಕ್ಕೆಂದರೂ ಸರಿ. ಮೂರು ವರ್ಷಕ್ಕೊಮ್ಮೆ ವಿಚಾರಣೆ ನಡೆಸಿ ಕೆಲವರಿಗೆ ವಿನಾಯಿತಿ ಕೊಡುತ್ತಾರೆ. ಶಿಕ್ಷಕರು ಸಿನಿಮಾದ ಸಣ್ಣ ಭಾಗ ಬಳಸುವುದು ಆ ಪಟ್ಟಿಯಲ್ಲಿದೆ. 2009ರ ವಿಚಾರಣೆಯಲ್ಲಿ ಒಂದು ತಮಾಷೆ ನಡೆಯಿತು. ಶಿಕ್ಷಕರು ಬೀಗ ಮುರಿಯುವ ಅಗತ್ಯವಿಲ್ಲ, ಟಿವಿ ಎದುರು ಕ್ಯಾಮೆರಾ ಇಟ್ಟು ಚಿತ್ರೀಕರಿಸಿಕೊಂಡರೆ ಸಾಕು ಎಂದು ಸಿನಿಮಾ ಉದ್ಯಮದ ಸಂಘವೇ ವಿಡಿಯೊ ಮಾಡಿ ತೋರಿಸಿತು. ಚಿತ್ರಮಂದಿರದಲ್ಲಿ ಕ್ಯಾಮೆರಾ ಹಿಡಿದವರನ್ನು ಅಟ್ಟಿಸಿಕೊಂಡು ಹೋಗುವವರು ಕೊಟ್ಟ ಸಲಹೆ ಇದು!

ಭಾರತದಲ್ಲಿ 2012ರ ತಿದ್ದುಪಡಿಯಲ್ಲಿ ಬಂದ 65ಎ ಸೆಕ್ಷನ್ ಸ್ವಲ್ಪ ಮೆದು. ಉಲ್ಲಂಘನೆಯ ಉದ್ದೇಶದಿಂದ ಬೀಗ ಮುರಿದರೆ ಮಾತ್ರ ಅಪರಾಧ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಮಾಡಿದರೆ ಅಡ್ಡಿಯಿಲ್ಲ ಎಂದು ಅದರಲ್ಲೇ ಬರೆದಿದೆ. ನನ್ನ ಮಟ್ಟಿಗೆ, ನಾಲ್ಕು ಫ್ರೇಮ್‌ಗಾಗಿ ಬೀಗದ ತಂಟೆಗೇ ಹೋಗುವುದಿಲ್ಲ. ಪರದೆಯ ಫೋಟೊ ತೆಗೆದರೆ ನೋಟದ ದಿಕ್ಕು ತೋರಿಸಲು ಅಷ್ಟು ಗುಣಮಟ್ಟ ಸಾಕು.

ಒಂದು ಎಚ್ಚರಿಕೆ. ಫ್ರೇಮ್ ಸಿಗಲಿಲ್ಲವೆಂದು ಪ್ರಚಾರದ ಫೋಟೊ ಹುಡುಕಿ ಹಾಕುವವರಿದ್ದಾರೆ. ಪ್ರಚಾರದ ಫೋಟೊ ಸಿನಿಮಾದ ಫ್ರೇಮ್ ಅಲ್ಲ. ಚಿತ್ರೀಕರಣದ ಜಾಗದಲ್ಲಿ ಇನ್ನೊಬ್ಬ ಛಾಯಾಗ್ರಾಹಕ ಬೇರೆ ಕ್ಯಾಮೆರಾದಲ್ಲಿ ತೆಗೆದದ್ದು. ಅದು ತಾನೇ ಒಂದು ಇಡೀ ಕೃತಿ. ಒಂದು ಲಕ್ಷ ಎಪ್ಪತ್ತೆರಡು ಸಾವಿರದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಪಾಠಕ್ಕೂ ಅದು ಉಪಯೋಗವಿಲ್ಲ, ಸಿನಿಮಾದಲ್ಲಿ ಕ್ಯಾಮೆರಾ ಎಲ್ಲಿತ್ತು ಎಂಬುದನ್ನು ಅದು ತೋರಿಸುವುದಿಲ್ಲವಲ್ಲ.

ಈಗ ಐದನೇ ಪುಟಕ್ಕೆ ಬರೋಣ.

ಕೋರ್ಸ್‌ನ ಸ್ಲೈಡ್ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನ ಬಂದಿರಲಿಲ್ಲ. ಅದು ಪಾಠಕ್ಕೆಂದೇ ಮಾಡಿದ್ದು, ನಾನು ಬಳಸಿದ್ದೂ ಪಾಠಕ್ಕೆ, ಇದಕ್ಕಿಂತ ಸರಿಯಾದ ಬಳಕೆ ಉಂಟಾ ಅಂದುಕೊಂಡಿದ್ದೆ. ಆದರೆ ತಪ್ಪು ಇದ್ದದ್ದೇ ಅಲ್ಲಿ. ಸಿನಿಮಾ ಮಾಡಿದವರು ಅದನ್ನು ಹ್ಯಾಂಡೌಟ್‌ಗೆಂದು ಮಾಡಲಿಲ್ಲ. ನಾನು ಫ್ರೇಮ್ ತೆಗೆದು ಬೇರೆ ಕೆಲಸಕ್ಕೆ ಹಚ್ಚಿದೆ. ಸಾಫ್ಟ್‌ವೇರ್ ಇರುವುದು ವಿಡಿಯೊ ಕತ್ತರಿಸಲು, ನಾನು ಅದರ ಚಿತ್ರದಿಂದ ದಾರಿ ತೋರಿಸಿದೆ. ಆದರೆ ಸ್ಲೈಡ್ ಇದ್ದದ್ದು ಕಟ್‌ಗಳ ವಿಧಗಳನ್ನು ಕಲಿಸಲು. ನಾನೂ ಅದನ್ನು ಹಾಕಿದ್ದು ಕಟ್‌ಗಳ ವಿಧಗಳನ್ನು ಕಲಿಸಲು. ಅದೇ ಕೆಲಸ, ಅದೇ ಓದುಗರು. ಮೂಲದ ಜಾಗದಲ್ಲಿ ನನ್ನ ನಕಲು ಹೋಗಿ ಕೂತಿತು. ಮೂರನೇ ಪ್ರಶ್ನೆಗೆ, ಮೂಲ ಬೇಡವಾಗುತ್ತದೆಯೇ ಎಂಬುದಕ್ಕೆ, ಹೌದು ಎನ್ನಬೇಕಾಯಿತು.

ಪ್ರಮಾಣವೂ ಹಾಗೆಯೇ. ಆರು ಗಂಟೆಯ ಕೋರ್ಸ್‌ನಲ್ಲಿ ನಾಲ್ಕು ಸ್ಲೈಡ್ ಎಂದರೆ ಜಾಸ್ತಿ ಅಲ್ಲ ಅನಿಸುತ್ತದೆ. ಆದರೆ ಸ್ಲೈಡ್ ಎಂಬುದು ಸಿನಿಮಾದ ಫ್ರೇಮ್‌ನ ಹಾಗೆ ಓಡುತ್ತಿರುವ ಒಂದು ಚೂರಲ್ಲ. ಇಪ್ಪತ್ತು ನಿಮಿಷ ಮಾತಾಡಿದ್ದರ ಸಾರವನ್ನು ಹಿಂಡಿ ಒಂದು ಪುಟಕ್ಕೆ ಇಳಿಸಿದ್ದು. ನಾನು ತೆಗೆದ ನಾಲ್ಕರಲ್ಲಿ ಒಂದು ಒಂಬತ್ತು ಬಗೆಯ ಕಟ್‌ಗಳ ಕೋಷ್ಟಕ, ಒಂದು ರೇಖಾಚಿತ್ರ, ಒಂದು ಸಾರಾಂಶ, ಒಂದು ಅಭ್ಯಾಸದ ಹಾಳೆ. ಮೂರನೇ ಪಾಠದ ತಿರುಳು ಅಷ್ಟೇ.

ಅಭ್ಯಾಸದ ಹಾಳೆಯದು ಇನ್ನೂ ಒಂದು ತೂಕ ಹೆಚ್ಚು. ಅಮೆರಿಕದಲ್ಲಿ 1976ರಲ್ಲಿ ಶಿಕ್ಷಕರ, ಲೇಖಕರ, ಪ್ರಕಾಶಕರ ಸಂಘಗಳು ಕೂತು ತರಗತಿ ನಕಲಿಗೆ ಒಂದು ಮಾರ್ಗಸೂಚಿ ಮಾಡಿಕೊಂಡವು. ಅದು ಕಾನೂನಲ್ಲ, ಒಪ್ಪಂದ. ಒಂದು ಪುಸ್ತಕದಿಂದ ಒಂದು ಚಿತ್ರವನ್ನೋ ನಕ್ಷೆಯನ್ನೋ ತೆಗೆದುಕೊಳ್ಳಬಹುದು ಎಂದು ಅವರೇ ಉದಾರವಾಗಿ ಒಪ್ಪಿದರು. ಆದರೆ ವರ್ಕ್‌ಬುಕ್, ಅಭ್ಯಾಸದ ಹಾಳೆ, ಪರೀಕ್ಷೆಯ ಹಾಳೆ ಮುಟ್ಟಬೇಡಿ ಎಂದರು. ಯಾಕೆಂದರೆ ಅವು ಬರೆದು ಮುಗಿಸುವ ವಸ್ತುಗಳು. ಒಬ್ಬ ವಿದ್ಯಾರ್ಥಿಗೆ ಒಂದು ಬೇಕು. ನಕಲು ಮಾಡಿದರೆ ಅಷ್ಟು ಮಾರಾಟ ನೇರವಾಗಿ ಹೋಯಿತು.

ನಾಲ್ಕನ್ನೂ ತೆಗೆದೆ. ಆದರೆ ಪಾಠ ನಿಲ್ಲಿಸಲಿಲ್ಲ. ಕಾಪಿರೈಟ್ ಇರುವುದು ಹೇಳಿದ ರೀತಿಗೆ, ಹೇಳಿದ ವಿಷಯಕ್ಕಲ್ಲ. ಚಿತ್ರ ಬದಲಾದರೂ ಹಿಂದಿನ ದೃಶ್ಯದ ಸದ್ದು ಮುಂದುವರಿದರೆ ಅದು ಎಲ್-ಕಟ್. ಮುಂದಿನ ದೃಶ್ಯದ ಸದ್ದು ಚಿತ್ರಕ್ಕಿಂತ ಮೊದಲೇ ಬಂದರೆ ಜೆ-ಕಟ್. ಇದು ಯಾರ ಅಪ್ಪನ ಆಸ್ತಿಯೂ ಅಲ್ಲ. ಎಡಿಟರ್‌ಗಳೆಲ್ಲರ ಮಾತು. ನಾನು ಸ್ಲೈಡ್ ಮುಚ್ಚಿಟ್ಟು, ನನ್ನದೇ ಎರಡು ಕ್ಲಿಪ್‌ಗಳ ಟೈಮ್‌ಲೈನ್ ತೆರೆದು ಎಲ್-ಕಟ್, ಜೆ-ಕಟ್ ಮಾಡಿ ತೋರಿಸಿದೆ. ಅದರ ಸ್ಕ್ರೀನ್‌ಶಾಟ್ ಹಾಕಿದೆ. ಮುಚ್ಚಿಟ್ಟು ಎಂದದ್ದನ್ನು ಗಮನಿಸಿ. ಪಕ್ಕದಲ್ಲಿಟ್ಟುಕೊಂಡು ಅವೇ ಒಂಬತ್ತು ಸಾಲನ್ನು ಅದೇ ಕ್ರಮದಲ್ಲಿ ಬೇರೆ ಬಣ್ಣದಲ್ಲಿ ಬರೆದರೆ ಅದು ಹೊಸದಾಗುವುದಿಲ್ಲ. ಆಯ್ಕೆ ಮತ್ತು ಜೋಡಣೆ ಕೂಡ ಒಬ್ಬರ ಶ್ರಮವೇ. ನನ್ನ ಕೋಷ್ಟಕದಲ್ಲಿ ಈಗ ಐದೇ ಬಗೆ ಇವೆ, ನನ್ನ ಮಕ್ಕಳಿಗೆ ಬೇಕಾದ ಐದು.

ಹಾಗಾದರೆ ಕೋರ್ಸ್‌ನ ಸ್ಲೈಡ್ ಯಾವತ್ತೂ ಹಾಕಬಾರದೇ? ಹಾಕಬಹುದು, ಅದರ ಕೆಲಸ ಬದಲಾದರೆ. ನೀವು ಸ್ಲೈಡ್ ವಿನ್ಯಾಸದ ಪಾಠ ಮಾಡುತ್ತಿದ್ದೀರಿ, ಒಂದು ಸ್ಲೈಡ್ ತೋರಿಸಿ ಇಲ್ಲಿ ಅಕ್ಷರ ತೀರಾ ಸಣ್ಣದಾಯಿತು, ಈ ಬಾಣ ದಾರಿ ತಪ್ಪಿಸುತ್ತದೆ ಎಂದು ವಿವರಿಸುತ್ತೀರಿ. ಅದು ವಿಮರ್ಶೆ. ಅಲ್ಲಿ ಆ ಸ್ಲೈಡ್ ಮೂಲದ ಜಾಗದಲ್ಲಿ ಕೂರುತ್ತಿಲ್ಲ.

ಇನ್ನೊಂದು ದಾರಿ ಕೇಳುವುದು. ನಾನು ಕ್ಷಮೆ ಕೇಳಿ ಬರೆದ ಮೇಲ್‌ನಲ್ಲೇ ಆ ರೇಖಾಚಿತ್ರವನ್ನು ಮಾತ್ರ ಬಳಸಬಹುದೇ ಎಂದು ಕೇಳಿದೆ. ಯಾವ ಪಾಠದ ಎಷ್ಟನೇ ನಿಮಿಷದ್ದು, ಎಷ್ಟು ವಿದ್ಯಾರ್ಥಿಗಳು, ಕಾಗದವೋ ಫೈಲೋ, ಎಲ್ಲಿಯವರೆಗೆ, ಇಷ್ಟನ್ನೂ ಬರೆದೆ. ಮೂರು ದಿನದಲ್ಲಿ ಒಪ್ಪಿಗೆ ಬಂತು: ಕಾಗದದಲ್ಲಿ ಮಾತ್ರ, ಒಂದು ಅವಧಿಗೆ, ಹೆಸರು ಹಾಕಿ. ಸುಮ್ನೆ ‘ನಿಮ್ಮ ಸ್ಲೈಡ್ ಬಳಸಲೇ’ ಎಂದು ಕೇಳಿದ್ದರೆ ಬೇಡ ಎನ್ನುವುದೇ ಅವರಿಗೆ ಸುಲಭವಾಗುತ್ತಿತ್ತು.

ಕೋರ್ಸ್ ಕೊಳ್ಳುವಾಗ ಓದದೇ ಒಪ್ಪಿದ ಷರತ್ತುಗಳ ಬಗ್ಗೆಯೂ ಹೇಳಬೇಕು. ವೈಯಕ್ತಿಕ ಬಳಕೆಗೆ ಮಾತ್ರ, ನಕಲು ಮಾಡಬಾರದು ಎಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕಾನೂನು ಬಿಟ್ಟರೂ ಕರಾರು ಬಿಡದೇ ಹೋಗಬಹುದು. ಬ್ರಿಟನ್ನಿನಲ್ಲಿ ಈ ಗೊಂದಲವಿಲ್ಲ. ಪಾಠಕ್ಕೆ ಕಾನೂನು ಕೊಟ್ಟದ್ದನ್ನು ಕಸಿಯುವ ಕರಾರಿನ ಮಾತು ಜಾರಿಯಾಗುವುದಿಲ್ಲ ಎಂದು 32ನೇ ಸೆಕ್ಷನ್ನೇ ಹೇಳುತ್ತದೆ. ಯುರೋಪಿನ 2019ರ ನಿರ್ದೇಶನ ಡಿಜಿಟಲ್ ಬೋಧನೆಗೆ ಇದೇ ಮಾತು ಹೇಳಿದೆ. ಭಾರತದ ಕಾಯ್ದೆಯಲ್ಲಿ ಅಂಥ ನೇರ ಮಾತಿಲ್ಲ. ಕೋರ್ಟಿಗೆ ಹೋಗುವುದು ದೂರದ ಮಾತು. ಖಾತೆ ಮುಚ್ಚಿಬಿಟ್ಟರೆ ಕೊಂಡ ಕೋರ್ಸ್ ಕೈತಪ್ಪುತ್ತದೆ, ಅದು ಹತ್ತಿರದ ಮಾತು.

ಕೊನೆಯಲ್ಲಿ ಸಭೆಯಿಂದ ಕೆಲವು ಪ್ರಶ್ನೆ ಬಂದವು. ಎರಡನ್ನು ಬರೆಯುತ್ತೇನೆ.

ಒಬ್ಬ ಮೇಡಂ ಕೇಳಿದರು: "ಸರ್, ತಪ್ಪು ನಿಮ್ಮದೋ, ಅದನ್ನು ಹೊರಗೆ ಹಾಕಿದ ಹುಡುಗನದೋ?" ಸ್ಲೈಡ್‌ಗಳ ಮಟ್ಟಿಗೆ ನನ್ನದೇ. ಆದರೆ ಪ್ರಶ್ನೆಯಲ್ಲಿ ಸತ್ವವಿದೆ. ತರಗತಿಯಲ್ಲಿ ಹಂಚುವ ಕಾಗದ, ಲಾಗಿನ್ ಇರುವ ತರಗತಿಯ ತಾಣ, ಎಲ್ಲರಿಗೂ ತೆರೆದ ಕೊಂಡಿ ಈ ಮೂರೂ ಒಂದೇ ಅಲ್ಲ. ತೆರೆದ ಜಾಗಕ್ಕೆ ಹೋದಾಗ ಓದುವವರು ನಿಮ್ಮ ವಿದ್ಯಾರ್ಥಿಗಳಾಗಿ ಉಳಿಯುವುದಿಲ್ಲ, ಪಾಠದ ಭಾಗ ಎನ್ನುವ ಆಧಾರ ಸಡಿಲವಾಗುತ್ತದೆ. ನಾಲ್ಕು ಸಿನಿಮಾ ಫ್ರೇಮ್‌ಗಳ ವಿಷಯದಲ್ಲೂ ಇದು ನಿಜ. ಅದಕ್ಕೇ ನಾನೀಗ ಎರಡು ಪ್ರತಿ ಮಾಡುತ್ತೇನೆ. ತರಗತಿಯ ಪ್ರತಿಯಲ್ಲಿ ಫ್ರೇಮ್‌ಗಳಿರುತ್ತವೆ, ಕೆಳಗೆ ‘ಈ ತರಗತಿಗೆ ಮಾತ್ರ’ ಎಂದಿರುತ್ತದೆ. ಹೊರಗಿನ ಪ್ರತಿಯಲ್ಲಿ ಫ್ರೇಮ್ ಇದ್ದ ಜಾಗದಲ್ಲಿ ಕಡ್ಡಿ ಮನುಷ್ಯರ ಚಿತ್ರ ಬರೆದು ಟೈಮ್‌ಕೋಡ್ ಕೊಟ್ಟಿರುತ್ತೇನೆ.

ಇನ್ನೊಬ್ಬರು ಎದ್ದು, "ಪ್ರಶ್ನೆಪತ್ರಿಕೆಯಲ್ಲಿ ಸ್ಕ್ರೀನ್‌ಶಾಟ್ ಹಾಕಿ ಇದರಲ್ಲಿ ಏನು ತಪ್ಪಿದೆ ಅಂತ ಕೇಳಬಹುದಾ?" ಎಂದರು. ಭಾರತದಲ್ಲಾದರೆ ಅದೇ 52(1)(i) ಪರೀಕ್ಷೆಯ ಪ್ರಶ್ನೆಯನ್ನೂ ಅದಕ್ಕೆ ಬರೆಯುವ ಉತ್ತರವನ್ನೂ ಹೆಸರು ಹೇಳಿ ಸೇರಿಸಿದೆ. ಕೇಳಬಹುದು. ಆದರೆ ಪರೀಕ್ಷೆ ಮುಗಿದ ಮೇಲೆ ಹತ್ತು ವರ್ಷದ ಪ್ರಶ್ನೆಪತ್ರಿಕೆಗಳನ್ನು ಒಟ್ಟು ಮಾಡಿ ಪುಸ್ತಕವಾಗಿ ಮಾರಲು ಹೊರಟರೆ, ಆಗ ಪ್ರತಿ ಚಿತ್ರದ ಮುಂದೆ ಮತ್ತೆ ಮೊದಲಿಂದ ಕೂರಬೇಕಾಗುತ್ತದೆ.